ಡೇಟಾ ಸೋರಿದಾಗ ಗ್ರಾಹಕರಿಗೆ ಬರೆಯುವ ಮೇಲ್: ಯಾವ ಸಾಲು ಯಾಕೆ ಬೇಕು

ಡೇಟಾ ಸೋರಿಕೆಯ ಮೇಲ್ ಬಂದಾಗ ಓದುವವರ ತಲೆಯಲ್ಲಿ ಓಡುವ ಪ್ರಶ್ನೆಗಳು ಕೆಲವೇ. ನನ್ನ ಮಾಹಿತಿಯೂ ಹೋಗಿದೆಯಾ? ಏನೇನು ಹೋಗಿದೆ? ಅದನ್ನು ಇಟ್ಟುಕೊಂಡು ನನಗೆ ಏನು ತೊಂದರೆ ಮಾಡಬಹುದು? ನಾನೀಗ ಏನು ಮಾಡಲಿ? ಯಾರನ್ನು ಕೇಳಲಿ?

ಕಾನೂನುಗಳು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಯುರೋಪಿನ ಡೇಟಾ ರಕ್ಷಣಾ ಕಾನೂನಾದ ಜಿಡಿಪಿಆರ್‌ನ 34ನೇ ವಿಧಿ, ಸೋರಿಕೆಯಿಂದ ಜನರಿಗೆ ದೊಡ್ಡ ಅಪಾಯ ಇದ್ದರೆ ಅವರಿಗೆ ಸರಳ ಭಾಷೆಯಲ್ಲಿ ತಿಳಿಸಬೇಕು ಎನ್ನುತ್ತದೆ. ಏನಾಯಿತು, ಅದರಿಂದ ಏನಾಗಬಹುದು, ಸಂಸ್ಥೆ ಏನು ಮಾಡಿದೆ, ಯಾರನ್ನು ಸಂಪರ್ಕಿಸಬೇಕು ಎಂಬುದೆಲ್ಲ ಅದರಲ್ಲಿರಬೇಕು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಅಡಿ 2025ರಲ್ಲಿ ಬಂದ ನಿಯಮಗಳೂ ಇವನ್ನೇ ಕೇಳುತ್ತವೆ. ಜೊತೆಗೆ, ಗ್ರಾಹಕರು ತಾವೇ ಏನು ಮಾಡಿಕೊಳ್ಳಬಹುದು ಎಂದೂ ಹೇಳಿ ಎನ್ನುತ್ತವೆ.

ಅಂದರೆ ಏನು ಬರೆಯಬೇಕು ಎಂಬುದು ಎಲ್ಲರಿಗೂ ಗೊತ್ತು. ಹಾಗಿದ್ದೂ ಬರುವ ಮೇಲ್‌ಗಳು ಓದಿದ ಮೇಲೂ ಏನೂ ತಿಳಿಯದ ಹಾಗಿರುತ್ತವೆ. ಕಾರಣ, ಅವು ಸಂಸ್ಥೆಯನ್ನು ಕಾಪಾಡಲು ಬರೆದವು. ಓದುವವರನ್ನು ಕಾಪಾಡಲು ಬರೆದರೆ ಪ್ರತಿ ಸಾಲೂ ಬೇರೆ ಥರ ಬರುತ್ತದೆ. ಒಂದು ಉದಾಹರಣೆ ಇಟ್ಟುಕೊಂಡು ಅದನ್ನೇ ನೋಡೋಣ.

ಒಂದು ಆನ್‌ಲೈನ್ ಅಂಗಡಿ ಇದೆ ಎಂದುಕೊಳ್ಳಿ. ಕಾಲ್ಪನಿಕವೇ, ಆದರೆ ಇಂಥದ್ದು ನಡೆಯುತ್ತಲೇ ಇರುತ್ತದೆ. ಮಾರ್ಚ್ 2ರಂದು ಯಾರೋ ಒಬ್ಬರು ಪರೀಕ್ಷೆಗೆಂದು ಗ್ರಾಹಕರ ಡೇಟಾಬೇಸ್‌ನ ಬ್ಯಾಕಪ್ ಫೈಲನ್ನು ಕ್ಲೌಡ್ ಸ್ಟೋರೇಜ್‌ನ ಒಂದು ಫೋಲ್ಡರಿನಲ್ಲಿ ಹಾಕಿದರು. ಆ ಫೋಲ್ಡರ್ ಎಲ್ಲರಿಗೂ ತೆರೆದಿತ್ತು. ಮಾರ್ಚ್ 19ರಂದು ಹೊರಗಿನ ಒಬ್ಬ ಭದ್ರತಾ ಸಂಶೋಧಕರು ಅದನ್ನು ಕಂಡು, ಮೇಲ್ ಮಾಡಿ ತಿಳಿಸಿದರು. ಅವತ್ತೇ ಫೋಲ್ಡರ್ ಮುಚ್ಚಲಾಯಿತು. ಫೈಲಿನಲ್ಲಿ 48,000 ಗ್ರಾಹಕರ ಹೆಸರು, ಮೇಲ್ ವಿಳಾಸ, ಫೋನ್ ನಂಬರ್, ಮನೆ ವಿಳಾಸ, ಆರ್ಡರ್‌ಗಳ ಪಟ್ಟಿ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಮತ್ತು ಹ್ಯಾಶ್ ಮಾಡಿದ ಪಾಸ್‌ವರ್ಡ್‌ಗಳಿದ್ದವು. ಪೂರ್ತಿ ಕಾರ್ಡ್ ನಂಬರ್ ಇರಲಿಲ್ಲ. ಅದು ಪೇಮೆಂಟ್ ಗೇಟ್‌ವೇ ಹತ್ತಿರ ಮಾತ್ರ ಇರುತ್ತದೆ.

ಮೊದಲ ಕರಡು ಹೀಗೆ ಬಂತು:

> ನಿಮ್ಮ ಡೇಟಾದ ಸುರಕ್ಷತೆ ನಮ್ಮ ಮೊದಲ ಆದ್ಯತೆ. ಇತ್ತೀಚೆಗೆ ಒಂದು ಭದ್ರತಾ ಘಟನೆ ನಮ್ಮ ಗಮನಕ್ಕೆ ಬಂದಿದೆ. ಕೆಲವು ಗ್ರಾಹಕರ ಸೀಮಿತ ಮಾಹಿತಿಗೆ ತೊಂದರೆಯಾಗಿರಬಹುದು. ಮಾಹಿತಿ ದುರ್ಬಳಕೆಯಾಗಿದೆ ಎಂಬುದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು. ನಮ್ಮ ಭದ್ರತೆಯನ್ನು ಇನ್ನಷ್ಟು ಬಲಪಡಿಸಿದ್ದೇವೆ.

ಇದರಲ್ಲಿ ಎರಡು ಸಾಲು ನೇರವಾಗಿ ಹಾನಿ ಮಾಡುವಂಥವು. ಒಂದು "ಪುರಾವೆ ಸಿಕ್ಕಿಲ್ಲ" ಎಂಬುದು. ಇನ್ನೊಂದು "ಎನ್‌ಕ್ರಿಪ್ಟ್ ಆಗಿದ್ದವು" ಎಂಬುದು.

ಮೊದಲನೆಯದನ್ನು ನೋಡಿ. ಪುರಾವೆ ಸಿಗಬೇಕಾದರೆ ಪುರಾವೆ ಉಳಿಯುವ ವ್ಯವಸ್ಥೆ ಇರಬೇಕು, ಅಲ್ವಾ? ಯಾವ ಫೈಲನ್ನು ಯಾರು, ಯಾವಾಗ ತೆರೆದರು ಎಂದು ಬರೆದಿಡುವುದು ಆಕ್ಸೆಸ್ ಲಾಗ್. ಎಷ್ಟೋ ಕ್ಲೌಡ್ ಸ್ಟೋರೇಜ್ ಸೇವೆಗಳಲ್ಲಿ ಇದು ತಾನಾಗಿಯೇ ಚಾಲೂ ಇರುವುದಿಲ್ಲ, ನಾವೇ ಆನ್ ಮಾಡಬೇಕು. ನಮ್ಮ ಅಂಗಡಿಯವರು ಆನ್ ಮಾಡಿದ್ದು ಮಾರ್ಚ್ 9ರಂದು, ಬೇರೆ ಯಾವುದೋ ಕೆಲಸಕ್ಕಾಗಿ. 9ರಿಂದ 19ರ ನಡುವೆ ಆ ಫೈಲ್ ಎರಡು ಸಲ ಡೌನ್‌ಲೋಡ್ ಆಗಿದೆ ಎಂದು ಲಾಗ್ ತೋರಿಸುತ್ತದೆ. ಒಂದು ಆ ಸಂಶೋಧಕರದೇ. ಇನ್ನೊಂದು ಯಾರದೆಂದು ಗೊತ್ತಿಲ್ಲ. 2ರಿಂದ 9ರವರೆಗೆ ಏನಾಯಿತು ಎಂದು ಹೇಳಲು ಲಾಗೇ ಇಲ್ಲ.

ಈಗ "ದುರ್ಬಳಕೆಗೆ ಪುರಾವೆ ಸಿಕ್ಕಿಲ್ಲ" ಎಂಬ ಮಾತು ಎಷ್ಟು ಟೊಳ್ಳು ನೋಡಿ. ಒಂದು ವಾರ ಯಾರೂ ನೋಡುತ್ತಲೇ ಇರಲಿಲ್ಲ. ಇನ್ನು ದುರ್ಬಳಕೆ ನಡೆಯುವುದು ಗ್ರಾಹಕರ ಫೋನಿನಲ್ಲಿ, ಅವರ ಬೇರೆ ಖಾತೆಗಳಲ್ಲಿ. ಅಂಗಡಿಯ ಸರ್ವರಿನಲ್ಲಿ ಕೂತು ನೋಡಿದರೆ ಅದು ಕಾಣಿಸುವುದಾದರೂ ಹೇಗೆ? ಅಪರಿಚಿತರೊಬ್ಬರು ಫೈಲ್ ಇಳಿಸಿಕೊಂಡಿದ್ದಾರೆ ಎಂಬುದೇ ಗೊತ್ತಿರುವಾಗ ಈ ಸಾಲು ಓದುವವರನ್ನು ಸುಮ್ನೆ ನಿದ್ದೆಗೆ ಕಳಿಸುತ್ತದೆ. ಅದರ ಬದಲು ಹೀಗೆ ಬರೆಯಬಹುದು:

> ಮಾರ್ಚ್ 2ರಿಂದ 19ರವರೆಗೆ ಈ ಫೈಲ್ ಯಾರು ಬೇಕಾದರೂ ತೆಗೆದುಕೊಳ್ಳುವಂತಿತ್ತು. ಮಾರ್ಚ್ 9ರ ನಂತರದ ದಾಖಲೆಗಳ ಪ್ರಕಾರ ಅದು ಎರಡು ಸಲ ಡೌನ್‌ಲೋಡ್ ಆಗಿದೆ. ಒಂದು ನಮಗೆ ವಿಷಯ ತಿಳಿಸಿದ ಸಂಶೋಧಕರದು. ಇನ್ನೊಂದು ಯಾರದೆಂದು ಗೊತ್ತಾಗಿಲ್ಲ. ಮಾರ್ಚ್ 9ಕ್ಕಿಂತ ಹಿಂದಿನ ದಾಖಲೆ ನಮ್ಮಲ್ಲಿ ಇಲ್ಲ. ಹಾಗಾಗಿ ನಿಮ್ಮ ಮಾಹಿತಿ ಬೇರೆಯವರ ಕೈ ಸೇರಿದೆ ಎಂದೇ ತಿಳಿದು ಕೆಳಗಿನ ಎಚ್ಚರಿಕೆ ತೆಗೆದುಕೊಳ್ಳಿ.

ದಾಖಲೆ ಇಲ್ಲ ಎಂದು ಬರೆಯಲು ಸಂಸ್ಥೆಯ ವಕೀಲರು ಹಿಂದೆಮುಂದೆ ನೋಡುತ್ತಾರೆ. ಆದರೆ ಇದನ್ನು ಬಿಟ್ಟರೆ ಮುಂದೆ ಆಗುವ ನಷ್ಟ ಜಾಸ್ತಿ. ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 2022ರ ಆಗಸ್ಟ್‌ನಲ್ಲಿ ಅದು, ತನ್ನ ಸೋರ್ಸ್ ಕೋಡಿನ ಕೆಲವು ಭಾಗ ಕಳುವಾಗಿದೆ, ಗ್ರಾಹಕರ ಡೇಟಾ ಮುಟ್ಟಿದ್ದಕ್ಕೆ ಪುರಾವೆ ಇಲ್ಲ ಎಂದಿತು. ನವೆಂಬರ್ ಕೊನೆಯಲ್ಲಿ, ಆಗಸ್ಟ್‌ನಲ್ಲಿ ಕದ್ದ ಮಾಹಿತಿ ಬಳಸಿ ಗ್ರಾಹಕರ ಕೆಲವು ಮಾಹಿತಿಯನ್ನೂ ಮುಟ್ಟಿದ್ದಾರೆ ಎಂದಿತು. ಡಿಸೆಂಬರ್ 22ರಂದು, ಗ್ರಾಹಕರು ತಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಕೂಡಿಟ್ಟಿದ್ದ ವಾಲ್ಟ್‌ಗಳ ಬ್ಯಾಕಪ್ ನಕಲಾಗಿದೆ ಎಂದಿತು. ಆಗಸ್ಟ್‌ನ ಮೇಲ್ ಬರೆದ ಹೊತ್ತಿಗೆ ಅವರಿಗೆ ಗೊತ್ತಿದ್ದುದು ಅಷ್ಟೇ ಇರಬಹುದು. ಆದರೆ ಅದನ್ನು ನಂಬಿ ಸುಮ್ಮನೆ ಕೂತವರಿಗೆ ಕೊನೆಯ ಸುದ್ದಿ ಬಂದಿದ್ದು ಕ್ರಿಸ್ಮಸ್ ರಜೆಯ ಹೊಸ್ತಿಲಲ್ಲಿ. "ಪುರಾವೆ ಇಲ್ಲ" ಎನ್ನುವ ಜಾಗದಲ್ಲಿ ಎಷ್ಟು ದೂರ ನೋಡಿದ್ದೇವೆ, ಎಲ್ಲಿಂದಾಚೆ ನೋಡಲು ಆಗಿಲ್ಲ ಎಂದು ಬರೆದರೆ ಓದುವವರು ತಮ್ಮ ತೀರ್ಮಾನ ತಾವೇ ಮಾಡಿಕೊಳ್ಳುತ್ತಾರೆ.

ಈಗ ಪಾಸ್‌ವರ್ಡಿನ ಸಾಲು. ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡುವುದು ಒಂದು, ಹ್ಯಾಶ್ ಮಾಡುವುದು ಇನ್ನೊಂದು. ಎನ್‌ಕ್ರಿಪ್ಟ್ ಮಾಡಿದ್ದನ್ನು ಕೀ ಇದ್ದರೆ ವಾಪಸ್ ಪಡೆಯಬಹುದು. ಹ್ಯಾಶ್ ಮಾಡಿದ್ದನ್ನು ವಾಪಸ್ ತಿರುಗಿಸಲು ಆಗುವುದಿಲ್ಲ. ಕದ್ದವರು ಒಂದೊಂದೇ ಪಾಸ್‌ವರ್ಡ್ ಊಹಿಸಿ, ಅದನ್ನು ಹ್ಯಾಶ್ ಮಾಡಿ, ಹೊಂದುತ್ತದಾ ಎಂದು ನೋಡಬೇಕು. ಹಾಗಾಗಿ ಎಲ್ಲವೂ ನಿಂತಿರುವುದು ಅವರು ಎಷ್ಟು ಬೇಗ ಊಹಿಸಬಲ್ಲರು ಎಂಬುದರ ಮೇಲೆ.

2013ರಲ್ಲಿ ಅಡೋಬಿ ಕಂಪನಿಯ ಡೇಟಾ ಸೋರಿದಾಗ ಪ್ರಕಟಣೆಯಲ್ಲಿ ಇದ್ದುದೂ "ಎನ್‌ಕ್ರಿಪ್ಟ್ ಆದ ಪಾಸ್‌ವರ್ಡ್" ಎಂದೇ. ನಿಜವೇ, ಎನ್‌ಕ್ರಿಪ್ಟ್ ಆಗಿದ್ದವು. ಆದರೆ ಎಲ್ಲಕ್ಕೂ ಒಂದೇ ಕೀ. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೆ ಫೈಲಿನಲ್ಲೂ ಒಂದೇ ಥರ ಕಾಣುತ್ತಿತ್ತು. ಪಕ್ಕದಲ್ಲಿ ಪಾಸ್‌ವರ್ಡ್ ನೆನಪಿಸುವ ಸುಳಿವುಗಳು ಎನ್‌ಕ್ರಿಪ್ಟ್ ಆಗದೆ ಹಾಗೇ ಇದ್ದವು. ಒಂದೇ ಪಾಸ್‌ವರ್ಡ್ ಇದ್ದ ನೂರಾರು ಜನರ ಸುಳಿವು ಸೇರಿಸಿ ಓದಿದರೆ ಕೀ ಇಲ್ಲದೆಯೇ ಉತ್ತರ ಗೊತ್ತಾಗುತ್ತಿತ್ತು. ಪ್ರಕಟಣೆಯ ಆ ಪದ ಸುಳ್ಳಲ್ಲ. ಆದರೆ ಓದಿದವರಿಗೆ ಅದು ಕೊಟ್ಟ ಧೈರ್ಯ ಮಾತ್ರ ಸುಳ್ಳು.

ನಮ್ಮ ಅಂಗಡಿಯ ಫೈಲಿನಲ್ಲಿ ಎರಡು ಬಗೆಯ ಹ್ಯಾಶ್ ಇದ್ದವು. ಹೆಚ್ಚಿನವರದು ಬಿಕ್ರಿಪ್ಟ್. ಇದನ್ನು ಬೇಕೆಂದೇ ನಿಧಾನವಾಗಿ ಕೆಲಸ ಮಾಡುವಂತೆ ಕಟ್ಟಿದ್ದಾರೆ, ಆದ್ದರಿಂದ ಊಹಿಸುವವರ ವೇಗವೂ ಕುಸಿಯುತ್ತದೆ. ಆದರೆ 6,200 ಜನರದು ಹಳೆಯ ಎಂಡಿ5. ಕೆಲವು ವರ್ಷಗಳ ಹಿಂದೆ ಅಂಗಡಿ ಬಿಕ್ರಿಪ್ಟ್‌ಗೆ ಬದಲಾದಾಗ, ಗ್ರಾಹಕರು ಲಾಗಿನ್ ಆದಾಗಲೆಲ್ಲ ಅವರವರ ಹ್ಯಾಶ್ ಬದಲಾಯಿಸುವ ವ್ಯವಸ್ಥೆ ಮಾಡಿದ್ದರು. ಆಮೇಲೆ ಒಮ್ಮೆಯೂ ಲಾಗಿನ್ ಆಗದವರದು ಹಾಗೇ ಉಳಿಯಿತು. ಇಂದಿನ ಒಂದೇ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಎಂಡಿ5 ಮೇಲೆ ಸೆಕೆಂಡಿಗೆ ಸಾವಿರಾರು ಕೋಟಿ ಊಹೆ ಮಾಡಬಲ್ಲದು. ಸಾಮಾನ್ಯ ಪಾಸ್‌ವರ್ಡ್‌ಗಳು ಅದರ ಮುಂದೆ ನಿಲ್ಲುವುದಿಲ್ಲ.

ಹಾಗಾಗಿ ಎಲ್ಲರಿಗೂ ಒಂದೇ ಮೇಲ್ ಕಳಿಸುವುದು ತಪ್ಪು. ಎರಡು ಗುಂಪಿಗೆ ಎರಡು ಮೇಲ್ ಬೇಕು. ಬಿಕ್ರಿಪ್ಟ್ ಇದ್ದವರಿಗೆ:

> ನಿಮ್ಮ ಪಾಸ್‌ವರ್ಡ್ ಫೈಲಿನಲ್ಲಿ ನೇರವಾಗಿ ಇರಲಿಲ್ಲ. ಅದರ ಹ್ಯಾಶ್ ಮಾತ್ರ ಇತ್ತು. ಅದರಿಂದ ಪಾಸ್‌ವರ್ಡ್ ಕಂಡುಹಿಡಿಯುವುದು ಕಷ್ಟ, ಆದರೆ ಚಿಕ್ಕ ಅಥವಾ ಸಾಮಾನ್ಯ ಪಾಸ್‌ವರ್ಡ್ ಆಗಿದ್ದರೆ ಸಾಧ್ಯ. ಇದೇ ಪಾಸ್‌ವರ್ಡನ್ನು ಬೇರೆ ಕಡೆ ಬಳಸಿದ್ದರೆ ಅಲ್ಲೂ ಬದಲಾಯಿಸಿ.

ಎಂಡಿ5 ಇದ್ದವರಿಗೆ:

> ನಿಮ್ಮ ಪಾಸ್‌ವರ್ಡ್ ಹಳೆಯ ವಿಧಾನದಲ್ಲಿ ಉಳಿದಿತ್ತು. ಅದನ್ನು ಕಂಡುಹಿಡಿಯುವುದು ಸುಲಭ. ನಮ್ಮಲ್ಲಿ ಅದು ಈಗ ಕೆಲಸ ಮಾಡುವುದಿಲ್ಲ, ನಾವು ರದ್ದು ಮಾಡಿದ್ದೇವೆ. ಆದರೆ ಇದೇ ಪಾಸ್‌ವರ್ಡ್ ನಿಮ್ಮ ಮೇಲ್, ಬ್ಯಾಂಕ್ ಅಥವಾ ಬೇರೆ ಯಾವುದೇ ಖಾತೆಯಲ್ಲಿದ್ದರೆ ಅದನ್ನು ಇವತ್ತೇ ಬದಲಾಯಿಸಿ. ಮೊದಲು ಮೇಲ್ ಖಾತೆಯದನ್ನು.

ಮೊದಲು ಮೇಲ್ ಖಾತೆ ಯಾಕೆ? ಉಳಿದೆಲ್ಲ ಖಾತೆಗಳ "ಪಾಸ್‌ವರ್ಡ್ ಮರೆತಿದ್ದೀರಾ" ಲಿಂಕ್ ಬರುವುದು ಅಲ್ಲಿಗೇ. ಅದು ಹೋದರೆ ಎಲ್ಲವೂ ಹೋದ ಹಾಗೆ. ಕದ್ದವರು ಮೇಲ್ ವಿಳಾಸ ಮತ್ತು ಪಾಸ್‌ವರ್ಡಿನ ಜೋಡಿಯನ್ನು ನೂರಾರು ಸೈಟ್‌ಗಳಲ್ಲಿ ತಾನಾಗಿ ಹಾಕಿ ನೋಡುವ ಪ್ರೋಗ್ರಾಂ ಓಡಿಸುತ್ತಾರೆ. ಅಂಗಡಿಯ ಖಾತೆಗಿಂತ ಅವರಿಗೆ ಬೇಕಾಗಿರುವುದು ಆ ಬೇರೆ ಖಾತೆಗಳೇ.

ಪಾಸ್‌ವರ್ಡಿನ ವಿಷಯ ಎಲ್ಲರೂ ಬರೆಯುತ್ತಾರೆ. ಆದರೆ ಈ ಫೈಲಿನಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಸಪ್ಪೆಯಾಗಿ ಕಾಣುವ ಉಳಿದ ಮಾಹಿತಿ. ಫೋನ್ ನಂಬರ್, ಕಳೆದ ತಿಂಗಳ ಆರ್ಡರ್, ಕಾರ್ಡಿನ ಕೊನೆಯ ನಾಲ್ಕು ಅಂಕಿ. ಒಂದೊಂದಾಗಿ ನೋಡಿದರೆ ಏನೂ ಅಲ್ಲ. ಸೇರಿಸಿ ನೋಡಿ. ಒಂದು ಕರೆ ಬರುತ್ತದೆ. "ಮೇಡಂ, ಫೆಬ್ರವರಿ 11ರಂದು ನೀವು ತರಿಸಿದ ಮಿಕ್ಸಿಗೆ ಹಣ ಎರಡು ಸಲ ಕಟ್ ಆಗಿದೆ. 4471 ಅಂತ ಕೊನೆಯಾಗುವ ಕಾರ್ಡ್ ನಿಮ್ಮದೇ ತಾನೇ? ವಾಪಸ್ ಹಾಕ್ತೀವಿ, ಈಗ ಬಂದ ಓಟಿಪಿ ಹೇಳಿ." ಇಷ್ಟೆಲ್ಲ ಗೊತ್ತಿರುವವರು ಅಂಗಡಿಯವರೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೇ "ಅನುಮಾನಾಸ್ಪದ ಕರೆಗಳ ಬಗ್ಗೆ ಜಾಗ್ರತೆ" ಎಂಬ ಸಾಲಿನಿಂದ ಉಪಯೋಗವಿಲ್ಲ. ಆ ಕರೆ ಅನುಮಾನ ಹುಟ್ಟಿಸುವ ಹಾಗೆ ಇರುವುದೇ ಇಲ್ಲ. ಬೇಕಾದ ಸಾಲು ಇದು:

> ಯಾರಾದರೂ ಕರೆ ಮಾಡಿ ನಿಮ್ಮ ಹಳೆಯ ಆರ್ಡರ್, ವಿಳಾಸ ಅಥವಾ ಕಾರ್ಡಿನ ಕೊನೆಯ ನಾಲ್ಕು ಅಂಕಿ ಸರಿಯಾಗಿ ಹೇಳಿದರೂ ಅವರು ನಾವೇ ಎಂದು ನಂಬಬೇಡಿ. ಆ ಮಾಹಿತಿ ಈ ಫೈಲಿನಲ್ಲಿತ್ತು. ಈ ವಿಷಯವಾಗಿ ನಾವು ನಿಮಗೆ ಕರೆ ಮಾಡುವುದಿಲ್ಲ. ಓಟಿಪಿ, ಪಾಸ್‌ವರ್ಡ್, ಪೂರ್ತಿ ಕಾರ್ಡ್ ನಂಬರ್ ಎಂದೂ ಕೇಳುವುದಿಲ್ಲ.

"ಕರೆ ಮಾಡುವುದಿಲ್ಲ" ಎಂದು ಬರೆದ ಮೇಲೆ ನಿಜವಾಗಿಯೂ ಮಾಡಬಾರದು. ಮಾರಾಟ ವಿಭಾಗದವರಿಗೂ ಈ ಸುದ್ದಿ ಮುಟ್ಟಿರಬೇಕು. ಅವರು ಮರುದಿನ ಸಮಾಧಾನ ಹೇಳಲು ನಾಲ್ಕು ಜನರಿಗೆ ಫೋನ್ ಮಾಡಿದರೂ ಆ ಸಾಲು ಸತ್ತಂತೆ.

ತೆಗೆದುಕೊಂಡ ಕ್ರಮಗಳ ಭಾಗ ಚಿಕ್ಕದಾಗಿಯೇ ಇರಲಿ. ಓದುವವರು ಪರೀಕ್ಷಿಸಬಹುದಾದ, ಅಥವಾ ತಮ್ಮ ಮೇಲೆ ಪರಿಣಾಮ ಬೀರುವ ಕೆಲಸಗಳನ್ನಷ್ಟೇ ಹೇಳಿದರೆ ಸಾಕು. ಫೋಲ್ಡರ್ ಮುಚ್ಚಿದ್ದು, ಫೈಲ್ ಅಳಿಸಿದ್ದು, ಎಲ್ಲರನ್ನೂ ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿದ್ದು, ಹಳೆಯ ಹ್ಯಾಶ್‌ಗಳನ್ನು ರದ್ದು ಮಾಡಿದ್ದು, ನಿಯಂತ್ರಣ ಸಂಸ್ಥೆಗೆ ವರದಿ ಮಾಡಿದ್ದು. ಮಾಡಿದ್ದಕ್ಕೂ ಮಾಡಲಿರುವುದಕ್ಕೂ ಗೆರೆ ಇರಬೇಕು. ಇನ್ನೂ ಮುಗಿಯದ ಕೆಲಸಕ್ಕೆ "ಮಾಡುತ್ತಿದ್ದೇವೆ, ಇಂಥ ದಿನಕ್ಕೆ ಮುಗಿಯುತ್ತದೆ" ಎನ್ನಬೇಕು. ಜಿಡಿಪಿಆರ್‌ನ 72 ಗಂಟೆಯ ಗಡುವು ನಿಯಂತ್ರಣ ಸಂಸ್ಥೆಗೆ ಕೊಡುವ ವರದಿಗೆ ಮಾತ್ರ. ಗ್ರಾಹಕರಿಗೆ ಅನಗತ್ಯ ತಡವಿಲ್ಲದೆ ತಿಳಿಸಬೇಕು ಅಷ್ಟೇ. ಇದನ್ನು ತಿರುಚಿ, ತನಿಖೆ ಮುಗಿದ ಮೇಲೆ ಹೇಳೋಣ ಎಂದು ತಿಂಗಳುಗಟ್ಟಲೆ ಕಾಯುವುದು ಅನ್ಯಾಯ. ಕದ್ದವರು ಕಾಯುತ್ತಾ ಕೂರುವುದಿಲ್ಲ.

ಕೆಲಸದ ಅನುಕ್ರಮವೂ ಮುಖ್ಯ. ಲಾಗೌಟ್ ಮತ್ತು ರದ್ದು ಮಾಡುವುದು ಮೇಲ್ ಹೋಗುವ ಮುಂಚೆಯೇ ಆಗಿರಬೇಕು. ಇಲ್ಲದಿದ್ದರೆ ಮೇಲ್ ಓದಿದ ಕಳ್ಳರಿಗೂ ಅವಸರ ಹುಟ್ಟುತ್ತದೆ. ಇನ್ನೊಂದು, 48,000 ಜನ ಒಂದೇ ಗಂಟೆಯಲ್ಲಿ ಪಾಸ್‌ವರ್ಡ್ ಬದಲಾಯಿಸಲು ಬಂದರೆ ಸೈಟ್ ಮಲಗುತ್ತದೆ. ಆಗ ಜನರಿಗೆ ಬೇರೆಯೇ ದಿಗಿಲು. ಎಂಡಿ5 ಗುಂಪಿಗೆ ಮೊದಲು, ಉಳಿದವರಿಗೆ ಅದೇ ದಿನ ಕಂತುಕಂತಾಗಿ ಕಳಿಸುವುದು ಒಳ್ಳೆಯದು. ಪ್ರಚಾರದ ಮೇಲ್ ಬೇಡ ಎಂದು ಹೊರಬಂದವರಿಗೂ ಇದು ಹೋಗಬೇಕು, ಏಕೆಂದರೆ ಇದು ಪ್ರಚಾರವಲ್ಲ. ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಹೋಗಬೇಕು. ಎಲ್ಲರ ವಿಳಾಸ ಎಲ್ಲರಿಗೂ ಕಾಣುವ ಹಾಗೆ ಸಿಸಿಯಲ್ಲಿ ಹಾಕಿ ಕಳಿಸಿದರೆ ಅದೇ ಇನ್ನೊಂದು ಸೋರಿಕೆ.

ಇನ್ನು ಲಿಂಕ್. ಈ ಮೇಲ್‌ನಲ್ಲಿ "ಇಲ್ಲಿ ಕ್ಲಿಕ್ ಮಾಡಿ ಪಾಸ್‌ವರ್ಡ್ ಬದಲಾಯಿಸಿ" ಎಂಬ ಬಟನ್ ಬೇಡವೇ ಬೇಡ. ಸುದ್ದಿ ಹೊರಬಿದ್ದ ಕೂಡಲೇ ಇದೇ ಮೇಲ್ ಅನ್ನು ನಕಲು ಮಾಡಿ, ಬಟನ್ ಮಾತ್ರ ಬೇರೆ ಕಡೆ ಒಯ್ಯುವ ಹಾಗೆ ತಿದ್ದಿ ಕಳಿಸುವವರು ಇದ್ದೇ ಇರುತ್ತಾರೆ. ನಿಜವಾದ ಮೇಲ್‌ನಲ್ಲಿ ಬಟನ್ ಇಲ್ಲ, "ನೀವೇ ನಮ್ಮ ಸೈಟಿನ ವಿಳಾಸ ಟೈಪ್ ಮಾಡಿ ಅಥವಾ ಆ್ಯಪ್ ತೆರೆಯಿರಿ" ಎಂದಷ್ಟೇ ಇದೆ ಎಂದಾದರೆ ಬಟನ್ ಇರುವುದೆಲ್ಲ ನಕಲಿ ಎಂದು ಹೇಳುವುದು ಸುಲಭವಾಗುತ್ತದೆ.

ಇದಕ್ಕಾಗಿ ಹೊಸ ಸೈಟ್ ತೆರೆಯುವುದು ಇನ್ನೂ ಅಪಾಯ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿ ತನ್ನ ಸೋರಿಕೆಗೆಂದೇ `equifaxsecurity2017.com` ಎಂಬ ಹೊಸ ಸೈಟ್ ಮಾಡಿತು. ಇಂಥ ಹೆಸರು ನೋಡಿ ಯಾವುದು ಅಸಲಿ, ಯಾವುದು ನಕಲಿ ಎಂದು ಹೇಳುವುದು ಹೇಗೆ? ಇದನ್ನು ತೋರಿಸಲೆಂದೇ ಒಬ್ಬ ಪ್ರೋಗ್ರಾಮರ್ `securityequifax2017.com` ಎಂಬ ಸೈಟ್ ಮಾಡಿದರು. ಕಂಪನಿಯ ಅಧಿಕೃತ ಟ್ವಿಟರ್ ಖಾತೆಯೇ ಜನರನ್ನು ಆ ನಕಲಿ ಸೈಟಿಗೆ ಕಳಿಸಿತು, ಅದೂ ಒಂದಕ್ಕಿಂತ ಹೆಚ್ಚು ಸಲ. ಮಾಡಿದವರ ಉದ್ದೇಶ ಒಳ್ಳೆಯದಿದ್ದುದರಿಂದ ಬಚಾವಾಯಿತು. ಮೇಲ್ ಯಾವಾಗಲೂ ಬರುವ ಡೊಮೇನಿನಿಂದಲೇ ಬರಬೇಕು, ವಿವರ ಯಾವಾಗಲೂ ಇರುವ ಸೈಟಿನಲ್ಲೇ ಇರಬೇಕು.

ಇದೇ ಮಾತು ಸಂಪರ್ಕದ ಸಾಲಿಗೂ ಸಲ್ಲುತ್ತದೆ. ಮೇಲ್‌ನಲ್ಲಿ ಬರೆದ ಫೋನ್ ನಂಬರನ್ನು ನಂಬುವುದು ಹೇಗೆ? ನಕಲಿ ಮೇಲಿನಲ್ಲೂ ಒಂದು ನಂಬರ್ ಇರುತ್ತದಲ್ಲ. ಅದಕ್ಕೆ ಉತ್ತರ, ಗ್ರಾಹಕರ ಹತ್ತಿರ ಈಗಾಗಲೇ ಇರುವ ನಂಬರನ್ನೇ ಕೊಡುವುದು:

> ಪ್ರಶ್ನೆ ಇದ್ದರೆ ಈ ಮೇಲಿಗೇ ಉತ್ತರ ಬರೆಯಿರಿ, ಅದು help@example.com ಗೆ ಬರುತ್ತದೆ. ಅಥವಾ ನಿಮ್ಮ ಹಳೆಯ ಬಿಲ್‌ಗಳ ಮೇಲೆ ಮುದ್ರಿಸಿರುವ ನಂಬರಿಗೆ ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಕರೆ ಮಾಡಿ, 1 ಒತ್ತಿ. ಈ ಪತ್ರ ನಿಜವೇ ಎಂದು ನೋಡಲು ನಮ್ಮ ಆ್ಯಪಿನ ಮೊದಲ ಪುಟ ತೆರೆಯಿರಿ. ಇದೇ ಬರಹ ಅಲ್ಲೂ ಇದೆ.

ಉತ್ತರ ಬರೆಯಲಾಗದ `noreply` ವಿಳಾಸದಿಂದ ಈ ಮೇಲ್ ಕಳಿಸುವುದು ಬಾಗಿಲು ಹಾಕಿಕೊಂಡು ಕ್ಷಮೆ ಕೇಳಿದ ಹಾಗೆ. ಫೋನ್ ಎತ್ತುವವರಿಗೆ ಒಂದು ಹಾಳೆ ಬೇಕು. ಮೊದಲ ದಿನ ಬರುವ ಕರೆಗಳಲ್ಲಿ ಹೆಚ್ಚಿನವು "ಈ ಮೇಲ್ ನಿಜಾನಾ?", "ನಾನು ಯಾವ ಗುಂಪಿನಲ್ಲಿದ್ದೀನಿ?", "ನನ್ನ ಖಾತೆ ಅಳಿಸಿಬಿಡಿ" ಎಂಬ ಥರದವು. ಎರಡನೆಯ ಪ್ರಶ್ನೆಯಲ್ಲಿ ಒಂದು ಬಲೆ ಇದೆ. ಕರೆ ಮಾಡಿದವರು ಆ ಗ್ರಾಹಕರೇ ಎಂದು ಖಚಿತ ಮಾಡಿಕೊಳ್ಳಲು ಸಿಬ್ಬಂದಿ ಎಂದಿನಂತೆ ವಿಳಾಸ, ಕಳೆದ ಆರ್ಡರ್ ಕೇಳಿದರೆ, ಅದೆಲ್ಲ ಕದ್ದವರಿಗೂ ಗೊತ್ತು. ಹಾಗಾಗಿ ಫೋನಿನಲ್ಲಿ ಯಾವ ವಿವರವನ್ನೂ ಹೇಳದೆ, ಗ್ರಾಹಕರ ನೋಂದಾಯಿತ ಮೇಲ್ ವಿಳಾಸಕ್ಕೇ ಉತ್ತರ ಕಳಿಸುತ್ತೇವೆ ಎನ್ನಬೇಕು. ಖಾತೆ ಅಳಿಸುವ, ವಿಳಾಸ ಬದಲಾಯಿಸುವ ಕೆಲಸಗಳಿಗೂ ಇದೇ ನಿಯಮ. ಮೇಲ್ ಖಾತೆಯೇ ಕಳೆದುಹೋಗಿದೆ ಎನ್ನುವವರ ಕರೆಯನ್ನು ಬೇರೆ ಇಟ್ಟು, ಅನುಭವ ಇರುವ ಒಬ್ಬರು ನಿಧಾನವಾಗಿ ನೋಡಬೇಕು.

ಮೇಲ್ ತಲುಪದೆ ವಾಪಸ್ ಬಂದ ವಿಳಾಸಗಳ ಪಟ್ಟಿ ಮರುದಿನವೇ ಸಿಗುತ್ತದೆ. ಎಂಡಿ5 ಗುಂಪಿನಲ್ಲಿ ಇದು ಜಾಸ್ತಿ ಇರುತ್ತದೆ, ಏಕೆಂದರೆ ಅವರು ಹಳೆಯ ಗ್ರಾಹಕರು, ಎಷ್ಟೋ ಜನ ಆ ಮೇಲ್ ಬಿಟ್ಟಿರುತ್ತಾರೆ. ಅಪಾಯ ಹೆಚ್ಚಿರುವವರಿಗೇ ಸುದ್ದಿ ಮುಟ್ಟದ ಸ್ಥಿತಿ ಇದು. ಅವರಿಗೆ ಲಿಂಕ್ ಇಲ್ಲದ ಒಂದು ಎಸ್‌ಎಂಎಸ್, ಅದೂ ತಲುಪದಿದ್ದರೆ ಅಂಚೆಯಲ್ಲಿ ಒಂದು ಕಾಗದ ಹೋಗಬೇಕು.

ಮೊದಲ ಮೇಲ್‌ನ ಕೊನೆಯಲ್ಲಿ ಮುಂದಿನ ಮೇಲ್‌ನ ದಿನಾಂಕ ಇರಲಿ: "ಏಪ್ರಿಲ್ 5ರಂದು ಮತ್ತೆ ಬರೆಯುತ್ತೇವೆ, ಹೊಸದೇನೂ ಇಲ್ಲದಿದ್ದರೂ." ಆ ದಿನ ಬರೆಯಲು ಮೂರು ವಿಷಯ ಇದ್ದೇ ಇರುತ್ತವೆ. ಆ ಎರಡನೆಯ ಡೌನ್‌ಲೋಡ್ ಯಾರದೆಂದು ಗೊತ್ತಾಯಿತೇ ಇಲ್ಲವೇ. ಮೊದಲ ಮೇಲ್‌ನಲ್ಲಿ ಹೇಳಿದ್ದರಲ್ಲಿ ಯಾವುದಾದರೂ ತಪ್ಪಾಗಿತ್ತೇ, ಆಗಿದ್ದರೆ ಯಾವ ಸಾಲು. ಮತ್ತು ಗ್ರಾಹಕರಿಗೆ ನಮ್ಮ ಹೆಸರಿನಲ್ಲಿ ಬಂದ ಮೋಸದ ಕರೆಗಳು ನಮ್ಮ ಗಮನಕ್ಕೆ ಬಂದಿದ್ದರೆ, ಅವು ಏನು ಹೇಳುತ್ತಿದ್ದವು, ಏನು ಕೇಳುತ್ತಿದ್ದವು ಎಂಬುದರ ಪೂರ್ತಿ ವಿವರ.